ನೋಟಿಸ್ ಮನ್ನಾ ಕೇಳುವಾಗ ತರಗತಿಯ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,
ನಾನು ಹಾವೇರಿ ಜಿಲ್ಲೆಯ ಒಂದು ಖಾಸಗಿ ಅನುದಾನರಹಿತ ಹೈಸ್ಕೂಲಿನಲ್ಲಿ ಗಣಿತ ಟೀಚರ್. 2018ರ ಜೂನ್‌ನಲ್ಲಿ ಸೇರಿದೆ. ಹೋದ ತಿಂಗಳು ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲಿನಲ್ಲಿ ಶಕ್ತಿ ಇಲ್ಲ. ಕನಿಷ್ಠ ಆರು ತಿಂಗಳು ಯಾರಾದರೂ ಜೊತೆಗಿರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಈಗ ಅಣ್ಣ ನೋಡಿಕೊಳ್ಳುತ್ತಿದ್ದಾನೆ, ಅವನ ರಜೆ ನವೆಂಬರ್ 22ಕ್ಕೆ ಮುಗಿಯುತ್ತದೆ. ನನ್ನ ಸಂಬಳ 26,000, ಬೇಸಿಕ್ ಮತ್ತು ಡಿಎ ಸೇರಿ 20,800. ನೇಮಕಾತಿ ಪತ್ರದಲ್ಲಿ ‘ಮೂರು ತಿಂಗಳ ನೋಟಿಸ್ ಅಥವಾ ಮೂರು ತಿಂಗಳ ಸಂಬಳ’ ಅಂತ ಇದೆ. ಹೆಡ್‌ಮಾಸ್ಟರು ‘ಬರೆದುಕೊಡಿ, ಕಮಿಟಿ ಮುಂದೆ ಇಡ್ತೀನಿ’ ಅಂದರು. ಹೀಗೆ ಬರೆದಿದ್ದೇನೆ: “ನನ್ನ ತಾಯಿಯ ತೀವ್ರ ಅನಾರೋಗ್ಯದ ಕಾರಣ ತಕ್ಷಣದಿಂದ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ಮಾನವೀಯತೆಯ ದೃಷ್ಟಿಯಿಂದ ನೋಟಿಸ್ ಅವಧಿಯನ್ನು ಮನ್ನಾ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.” ಇದು ಸಾಕಾ? ಮನ್ನಾ ಮಾಡದಿದ್ದರೆ ನನ್ನನ್ನು ತಡೆಯಬಹುದಾ?
— ಒಬ್ಬ ಗಣಿತ ಟೀಚರ್

ಟೀಚರ್ ಅವರೇ,

ಈ ಕಾಗದ ಇನ್ನೂ ಕೊಟ್ಟಿಲ್ಲ ಅಂದರೆ ಕೊಡಬೇಡಿ. ನೀವು ಬರೆದದ್ದರಲ್ಲಿ ಸುಳ್ಳಿಲ್ಲ, ವಿನಯಕ್ಕೂ ಕೊರತೆ ಇಲ್ಲ. ತೊಂದರೆ ಇರುವುದು ಎರಡು ವಾಕ್ಯಗಳನ್ನು ಜೋಡಿಸಿರುವ ರೀತಿಯಲ್ಲಿ. ಮೊದಲ ವಾಕ್ಯದಲ್ಲಿ ರಾಜೀನಾಮೆ ಕೊಟ್ಟಾಗಿದೆ, ಅದೂ ತಕ್ಷಣದಿಂದ. ಎರಡನೆಯದರಲ್ಲಿ ಮನ್ನಾ ಕೇಳುತ್ತೀರಿ. ಕಮಿಟಿಯವರು ಮೊದಲನೆಯದಕ್ಕೆ ‘ಅಂಗೀಕರಿಸಿದೆ’ ಎಂದು ಬರೆದು, ಎರಡನೆಯದಕ್ಕೆ ‘ಸಾಧ್ಯವಿಲ್ಲ’ ಎಂದು ಬರೆದರೆ ಏನಾಗುತ್ತದೆ? ಕೆಲಸವೂ ಹೋಯಿತು, ಮೂರು ತಿಂಗಳ ಸಂಬಳ 78,000 ರೂಪಾಯಿ ಕಟ್ಟುವ ಮಾತೂ ತಲೆ ಮೇಲೆ ಬಂತು. ಕಾಗದ ನಿಮ್ಮದೇ, ಸಹಿ ನಿಮ್ಮದೇ. ಆಮೇಲೆ ‘ಮನ್ನಾ ಆಗುತ್ತೆ ಅಂತ ನಂಬಿ ಕೊಟ್ಟೆ’ ಎಂದರೆ ಕೇಳುವವರು ಕಡಿಮೆ.

ಹಾಗಾಗಿ ಎರಡನ್ನೂ ಒಂದಕ್ಕೊಂದು ಕಟ್ಟಿ ಬರೆಯಬೇಕು. ಮನ್ನಾ ಒಪ್ಪಿದರೆ ಮಾತ್ರ ಇಂಥ ದಿನ ಬಿಡುಗಡೆ, ಒಪ್ಪಿಗೆ ಬರುವವರೆಗೆ ನಾನು ರಜೆಯಲ್ಲಿ. ಈ ‘ರಜೆ’ ಅನ್ನುವ ಮಾತನ್ನು ಬಿಡಬೇಡಿ. ಕಮಿಟಿ ಸಭೆ ತಡವಾಗಿ 22 ದಾಟಿತು ಅಂತ ಇಟ್ಟುಕೊಳ್ಳಿ. ನೀವು ಬರುವುದನ್ನು ನಿಲ್ಲಿಸಿದರೆ ಹಾಜರಿ ಪುಸ್ತಕದಲ್ಲಿ ‘ಅನಧಿಕೃತ ಗೈರುಹಾಜರಿ’ ಅಂತ ಬೀಳುತ್ತದೆ. ಮುಂದೆ ಅನುಭವ ಪ್ರಮಾಣಪತ್ರ ಕೇಳಲು ಹೋದಾಗ ಆ ಒಂದು ಸಾಲು ಕಾಡುತ್ತದೆ.

ಇನ್ನು ತಡೆಯುವ ವಿಷಯ. ನಿಮ್ಮನ್ನು ಒತ್ತಾಯದಿಂದ ತರಗತಿಯಲ್ಲಿ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಇಂಥ ವೈಯಕ್ತಿಕ ಸೇವೆಯ ಒಪ್ಪಂದವನ್ನು ‘ಮಾಡಲೇಬೇಕು’ ಎಂದು ಕೋರ್ಟು ಹೇರುವುದಿಲ್ಲ, ಅದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಹಳೆಯ ತತ್ವ. ಆದರೆ ಹಣ ಕೇಳಬಹುದು. ಸಹಿ ಹಾಕಿದ ಪತ್ರದಲ್ಲಿ ಮೂರು ತಿಂಗಳ ಸಂಬಳ ಎಂದಿರುವಾಗ ಅದಕ್ಕೆ ಬೆಲೆಯೇ ಇಲ್ಲ ಎಂದು ನಾನು ಹೇಳಲಾರೆ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಲ್ಲಿ ಬರೆದ ಮೊತ್ತ ಮೇಲಿನ ಮಿತಿ. ಅದರೊಳಗೆ ಸಮಂಜಸವಾದಷ್ಟು ಪರಿಹಾರ ಸಿಗಬಹುದು. ಅಂದರೆ ಮಾತುಕತೆಗೆ ಜಾಗ ಇದೆ. ಆ ಜಾಗವನ್ನು ಬಳಸಿಕೊಳ್ಳುವುದು ನಿಮ್ಮ ಕಾಗದದ ಕೆಲಸ.

ನಿಮ್ಮ ಕಾಗದವನ್ನು ಓದುವವರು ಯಾರು ಅಂತ ಸ್ವಲ್ಪ ಯೋಚಿಸಿ. ಹೆಡ್‌ಮಾಸ್ಟರಿಗೆ ಅಮ್ಮನ ಸ್ಥಿತಿ ಈಗಾಗಲೇ ಗೊತ್ತು, ಪಾಪ ಅನಿಸಿಯೂ ಇರುತ್ತದೆ. ಆದರೆ ನಿರ್ಧಾರ ಮಾಡುವವರು ಕಮಿಟಿಯ ಕಾರ್ಯದರ್ಶಿ. ಅವರಿಗೆ ಕಾಣುವುದು ಹತ್ತನೇ ತರಗತಿ. ಮಾರ್ಚ್ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದಕ್ಕೂ ಮುಂಚೆ ಪೂರ್ವಸಿದ್ಧತಾ ಪರೀಕ್ಷೆ. ನವೆಂಬರ್‌ನಲ್ಲಿ ಗಣಿತ ಟೀಚರ್ ಹೋದರೆ ಪೋಷಕರು ಬಂದು ಕೇಳುವುದು ಅವರನ್ನೇ. ನೀವು ‘ಮಾನವೀಯತೆ’ ಎಂದು ಬರೆದರೆ ಅವರ ಭಯಕ್ಕೆ ಉತ್ತರ ಸಿಗುವುದಿಲ್ಲ. ಯಾವ ಪಾಠ ಆಗಿದೆ, ಯಾವುದು ಉಳಿದಿದೆ, ಯಾರು ಮುಂದುವರಿಸಬಹುದು ಎಂದು ಬರೆದರೆ ಸಿಗುತ್ತದೆ. ಮನ್ನಾ ಕೊಡಲು ಅವರಿಗೊಂದು ಕಾರಣ ಬೇಕು. ಅದು ನಿಮ್ಮ ಮನೆಯ ಕಷ್ಟದಲ್ಲಿ ಅರ್ಧ ಇದೆ, ಉಳಿದರ್ಧ ತರಗತಿಯಲ್ಲಿದೆ.

ನಾನು ಬರೆದರೆ ಹೀಗೆ ಬರೆಯುತ್ತಿದ್ದೆ. ಪಾಠಗಳ ಹೆಸರು ಉದಾಹರಣೆಗೆ ಹಾಕಿದ್ದೇನೆ, ನಿಮ್ಮದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

“ಇವರಿಗೆ: ಕಾರ್ಯದರ್ಶಿಗಳು, ಆಡಳಿತ ಮಂಡಳಿ. ಮುಖ್ಯೋಪಾಧ್ಯಾಯರ ಮೂಲಕ.

ವಿಷಯ: ನೋಟಿಸ್ ಅವಧಿ ಮನ್ನಾ ಮಾಡಿ ನವೆಂಬರ್ 22ರಂದು ಬಿಡುಗಡೆ ಮಾಡುವಂತೆ ಕೋರಿ ರಾಜೀನಾಮೆ.

ಮಾನ್ಯರೇ,

ನಾನು 2018ರ ಜೂನ್‌ನಿಂದ ನಮ್ಮ ಶಾಲೆಯಲ್ಲಿ ಗಣಿತ ಶಿಕ್ಷಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ನನ್ನ ತಾಯಿಗೆ ಪಾರ್ಶ್ವವಾಯು ಆಗಿದ್ದು, ಕನಿಷ್ಠ ಆರು ತಿಂಗಳು ಒಬ್ಬರು ಸದಾ ಜೊತೆಗಿರಬೇಕೆಂದು ವೈದ್ಯರು ತಿಳಿಸಿದ್ದಾರೆ. ಅವರ ಪತ್ರ ಲಗತ್ತಿಸಿದ್ದೇನೆ. ಈಗ ನೋಡಿಕೊಳ್ಳುತ್ತಿರುವ ನನ್ನ ಅಣ್ಣನ ರಜೆ ನವೆಂಬರ್ 22ಕ್ಕೆ ಮುಗಿಯುತ್ತದೆ.

ನೇಮಕಾತಿ ಪತ್ರದಂತೆ ಮೂರು ತಿಂಗಳ ನೋಟಿಸ್ ಕೊಡಬೇಕೆಂಬುದು ನನಗೆ ತಿಳಿದಿದೆ. ಈ ಸ್ಥಿತಿಯಲ್ಲಿ ಅದನ್ನು ಪೂರೈಸಲು ಆಗುವುದಿಲ್ಲ. ನೋಟಿಸ್ ಅವಧಿ ಹಾಗೂ ಅದರ ಬದಲಿನ ಸಂಬಳ ಎರಡನ್ನೂ ಮನ್ನಾ ಮಾಡಲು ಮಂಡಳಿ ಒಪ್ಪಿದಲ್ಲಿ, ನವೆಂಬರ್ 22ರ ಶಾಲಾ ಅವಧಿ ಮುಗಿದ ನಂತರ ಜಾರಿಗೆ ಬರುವಂತೆ ನನ್ನ ರಾಜೀನಾಮೆಯನ್ನು ಅಂಗೀಕರಿಸಬೇಕೆಂದು ಕೋರುತ್ತೇನೆ. ಅಷ್ಟರೊಳಗೆ ನಿರ್ಧಾರವಾಗದಿದ್ದರೆ, ಆಗುವವರೆಗೆ ನನಗೆ ಸಂಬಳರಹಿತ ರಜೆ ನೀಡಬೇಕೆಂದು ವಿನಂತಿಸುತ್ತೇನೆ.

ಹತ್ತನೇ ತರಗತಿಗೆ ತ್ರಿಕೋನಮಿತಿಯ ಪ್ರಸ್ತಾವನೆಯವರೆಗೆ ಪಾಠ ಆಗಿದೆ. ತ್ರಿಕೋನಮಿತಿಯ ಅನ್ವಯಗಳು, ಸಂಖ್ಯಾಶಾಸ್ತ್ರ, ಸಂಭವನೀಯತೆ, ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ ಉಳಿದಿವೆ. ಇವುಗಳ ಪಾಠ ಟಿಪ್ಪಣಿ ಮತ್ತು ಪ್ರಶ್ನೆಗಳನ್ನು 20ರೊಳಗೆ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇನೆ. ಈವರೆಗಿನ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ವಹಿಗೆ ಏರಿಸಿ, ಉತ್ತರ ಪತ್ರಿಕೆಗಳ ಸಮೇತ ಕೊಡುತ್ತೇನೆ. ಬದಲಿ ಶಿಕ್ಷಕರು ಬಂದರೆ ಅವರಿಗೆ ಫೋನಿನಲ್ಲಿ ವಿವರಿಸಲು ಸಿದ್ಧಳಿದ್ದೇನೆ.

ತಮ್ಮ ನಿರ್ಧಾರವನ್ನು ದಯವಿಟ್ಟು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.”

ಕೆಳಗೆ ದಿನಾಂಕ, ಸಹಿ, ಲಗತ್ತಿನ ವಿವರ. ಅಷ್ಟೇ.

ಇದರಲ್ಲಿ ಅಮ್ಮನ ಬಗ್ಗೆ ಎಷ್ಟು ಕಡಿಮೆ ಇದೆ ನೋಡಿ. ಬೇಕೆಂದೇ ಹಾಗೆ ಇಟ್ಟಿದ್ದೇನೆ. ಸ್ಕ್ಯಾನ್ ವರದಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳನ್ನೆಲ್ಲ ಜೋಡಿಸುವ ಅಗತ್ಯ ಇಲ್ಲ. ಶಾಲೆಯ ಫೈಲು ಯಾರು ಯಾರ ಕೈಗೆ ಹೋಗುತ್ತದೋ, ಅಮ್ಮನ ಕಾಯಿಲೆಯ ವಿವರ ಅಲ್ಲೇಕೆ ಕೂರಬೇಕು? ‘ರೋಗಿಗೆ ಆರು ತಿಂಗಳು ಜೊತೆಗೊಬ್ಬರು ಬೇಕು’ ಎನ್ನುವ ಡಾಕ್ಟರ ಎರಡು ಸಾಲಿನ ಪತ್ರ ಸಾಕು. ಅದಕ್ಕೆ ಆಸ್ಪತ್ರೆಯ ಸೀಲು ಇರಲಿ.

ಅಣ್ಣನ ರಜೆಯ ಮಾತು ಮಾತ್ರ ಬಿಡಬೇಡಿ. ‘ತಕ್ಷಣದಿಂದ’ ಎಂದರೆ ಓದುವವರಿಗೆ ‘ಇನ್ನೊಂದು ತಿಂಗಳು ಇರಬಹುದಲ್ವಾ’ ಅನಿಸುತ್ತದೆ. 22 ಏಕೆ ಎಂದು ಕಾರಣ ಕಂಡಾಗ ಆ ಪ್ರಶ್ನೆ ಏಳುವುದಿಲ್ಲ.

ಹಣದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ‘ಮನ್ನಾ ಆಗದಿದ್ದರೆ ಒಂದು ತಿಂಗಳ ಸಂಬಳ ಕಟ್ಟುತ್ತೇನೆ’ ಎಂದು ಮೊದಲ ಕಾಗದದಲ್ಲೇ ಬರೆಯಲು ಹಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಕಟ್ಟುತ್ತೇನೆ ಎಂದು ಬರೆದವರಿಗೆ ಸುಮ್ನೆ ಯಾರು ಮನ್ನಾ ಮಾಡುತ್ತಾರೆ? ಅದನ್ನು ಎದುರು ಕೂತು ಮಾತಾಡುವ ದಿನಕ್ಕೆ ಇಟ್ಟುಕೊಳ್ಳಿ. ಪೂರ್ತಿ ಆಗಲ್ಲ ಎಂದರೆ ಮೊದಲು ಉಳಿದಿರುವ ರಜೆಯನ್ನು ಹೊಂದಿಸಲು ಕೇಳಿ. ಆಮೇಲೆ ಒಂದು ತಿಂಗಳಿಗೆ, ಅಂದರೆ 26,000ಕ್ಕೆ ಇಳಿಸಲು ಕೇಳಿ. ಏನೇ ಒಪ್ಪಿದರೂ ಬರವಣಿಗೆಯಲ್ಲಿ ಬರಲಿ.

ಆ ಮಾತುಕತೆಯಲ್ಲಿ ಒಂದು ವಿಷಯ ಬರಬಹುದು: ‘ನಿಮ್ಮ ಗ್ರ್ಯಾಚುಟಿಯಲ್ಲಿ ಮುರಿದುಕೊಳ್ತೀವಿ ಬಿಡಿ.’ ಒಪ್ಪಬೇಡಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಶಾಲೆಯಲ್ಲಿ ಐದು ವರ್ಷ ತುಂಬಿದ ಶಿಕ್ಷಕರಿಗೆ ರಾಜೀನಾಮೆ ಕೊಟ್ಟರೂ ಗ್ರ್ಯಾಚುಟಿ ಸಿಗಬೇಕು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದ್ದವು, 2022ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಕರ ಪರವಾಗಿಯೇ ಎತ್ತಿಹಿಡಿಯಿತು. ನಿಮ್ಮ ಲೆಕ್ಕ ಸುಲಭ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಬೇಸಿಕ್ ಮತ್ತು ಡಿಎ. 20,800ನ್ನು 26ರಿಂದ ಭಾಗಿಸಿದರೆ ದಿನಕ್ಕೆ 800, ಹದಿನೈದು ದಿನಕ್ಕೆ 12,000. ನಿಮ್ಮದು ಏಳು ವರ್ಷ ಐದು ತಿಂಗಳ ಸೇವೆ. ಕೊನೆಯ ವರ್ಷ ಆರು ತಿಂಗಳು ದಾಟಿಲ್ಲವಾದ್ದರಿಂದ ಏಳು ವರ್ಷಕ್ಕೆ ಲೆಕ್ಕ: 84,000. ಇದು ಕಾನೂನು ಕೊಟ್ಟ ಹಣ, ನೋಟಿಸ್ ಸಂಬಳ ಒಪ್ಪಂದದ ಹಣ. ಎರಡನ್ನೂ ಬೇರೆ ಬೇರೆ ಇಡಿ. ಗ್ರ್ಯಾಚುಟಿಗೆ ಪ್ರತ್ಯೇಕ ಅರ್ಜಿ ಕೊಡಿ, ಮೂವತ್ತು ದಿನದಲ್ಲಿ ಕೊಡಬೇಕಾದದ್ದು ಅದು.

ಇದೆಲ್ಲ ಖಾಸಗಿ ಶಾಲೆಯ ಮಾತು. ಸರ್ಕಾರಿ ಶಾಲೆಯ ಟೀಚರ್ ಯಾರಾದರೂ ಇದನ್ನು ಓದುತ್ತಿದ್ದರೆ ಈ ಕಾಗದವನ್ನು ನಕಲು ಮಾಡಬೇಡಿ. ನಿಮಗೆ ರಾಜೀನಾಮೆ ಎಂದರೆ ಹಿಂದಿನ ಸೇವೆಯನ್ನೇ ಕಳೆದುಕೊಂಡಂತೆ. ಮೊದಲು ಸಿಗಬಹುದಾದ ರಜೆಗಳನ್ನೆಲ್ಲ ನೋಡಿ.

ಕಾಗದ ಕೊಡುವ ವಿಧಾನವೂ ಮುಖ್ಯ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ‘ಅದೆಲ್ಲ ಯಾಕೆ, ನಾವು ಇಲ್ವಾ’ ಎಂದರೆ ನಗುತ್ತಲೇ ಮನೆಗೆ ಬಂದು ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ಶಾಲೆಯ ಇಮೇಲ್‌ಗೂ ಕಳಿಸಿ. ವಾಟ್ಸಾಪ್ ಒಂದನ್ನೇ ನಂಬಬೇಡಿ. ಮಂಡಳಿ ಒಪ್ಪುವ ಮುಂಚೆ ಅಮ್ಮನ ವ್ಯವಸ್ಥೆ ಬೇರೆ ರೀತಿ ಆದರೆ ರಾಜೀನಾಮೆಯನ್ನು ವಾಪಸ್ ತೆಗೆದುಕೊಳ್ಳಬಹುದು. ಅದಕ್ಕೂ ಈ ದಿನಾಂಕಗಳೇ ಸಾಕ್ಷಿ.

ಬಿಡುಗಡೆ ಪತ್ರ ಕೈಗೆ ಬಂದಾಗ ಪೂರ್ತಿ ಓದಿ. ‘ರಾಜೀನಾಮೆ ಅಂಗೀಕರಿಸಲಾಗಿದೆ’ ಎಂದಷ್ಟೇ ಇದ್ದರೆ ಸಾಲದು. ‘ನೋಟಿಸ್ ಅವಧಿ ಮನ್ನಾ ಮಾಡಲಾಗಿದೆ, ಯಾವುದೇ ಬಾಕಿ ಇಲ್ಲ’ ಎಂಬ ಮಾತೂ ಇರಬೇಕು. ಅದಿಲ್ಲದಿದ್ದರೆ ಮುಂದೊಂದು ದಿನ 78,000ರ ಲೆಕ್ಕ ಮತ್ತೆ ಎದ್ದು ಬರಬಹುದು. ಸೇರುವಾಗ ಬಿ.ಎಡ್. ಮತ್ತು ಪದವಿಯ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದರೆ ಅವನ್ನೂ ಅಂದೇ ಕೇಳಿ ತೆಗೆದುಕೊಳ್ಳಿ. ಅವು ನಿಮ್ಮ ಸ್ವತ್ತು, ಅಡವಿಟ್ಟದ್ದಲ್ಲ. ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕವನ್ನು ಶಾಲೆಯವರು ಹಾಕದೆ ಹೋದರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

— ಸಂಪಾದಕ