ಜಪಾನಿನ ಬಿಲ್‌ಗೆ ಪಾಯಿಂಟ್ ಇಲ್ಲ, ಒಮಾನಿನದಕ್ಕೆ ಮೂರು ಅಂಕಿ: ಯಾಕೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ. ಸಣ್ಣ ಪ್ರಮಾಣದಲ್ಲಿ ಮಸಾಲೆ ಪದಾರ್ಥ ಹೊರಗೆ ಕಳಿಸುತ್ತೇವೆ. JPY ಎಂದು ಬಿಲ್ ಮಾಡಿದರೆ ಪಾಯಿಂಟ್ ನಂತರದ್ದು ಹಾರಿಹೋಗುತ್ತದೆ, OMR ಅಂದರೆ ಮೂರು ಅಂಕಿ ಕೇಳುತ್ತದೆ. ಸಾಫ್ಟ್‌ವೇರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ, ಸರಿಯಾಗಿಯೇ ಇದೆ. ಕಾರವಾರದಲ್ಲಿ ಕೂತು ಇಂಥ ಬಿಲ್‌ಗಳನ್ನೇ ನೋಡುವವನು ನಾನು. ಪಾಯಿಂಟ್ ಇಲ್ಲದ ಬಿಲ್ ಕಂಡರೆ ಮೊದಮೊದಲು ಎಲ್ಲರಿಗೂ ಅನುಮಾನ ಬರುತ್ತದೆ.

ಈ ಮೂರಕ್ಷರ ISO 4217 ಪಟ್ಟಿಯಿಂದ ಬಂದದ್ದು. ಸಾಮಾನ್ಯವಾಗಿ ಮೊದಲ ಎರಡಕ್ಷರ ದೇಶದ್ದು, ಮೂರನೆಯದು ಹಣದ್ದು. IN ಜೊತೆ R ಸೇರಿ INR, JP ಜೊತೆ Y ಸೇರಿ JPY, OM ಜೊತೆ R ಸೇರಿ OMR. EUR ಥರದವು ಈ ಲೆಕ್ಕಕ್ಕೆ ಬರುವುದಿಲ್ಲ, ಬಿಡಿ. ಅದೇ ಪಟ್ಟಿಯಲ್ಲಿ ಪ್ರತಿ ಕೋಡ್ ಪಕ್ಕ ಒಂದು ಅಂಕಿ ಇರುತ್ತದೆ. ಪಾಯಿಂಟ್ ನಂತರ ಎಷ್ಟು ಸ್ಥಾನ ಎಂದು ಹೇಳುವುದು ಅದೇ. INR, USD ಗೆ 2. JPY, ಕೊರಿಯಾದ KRW, ವಿಯೆಟ್ನಾಮಿನ VND ಗೆ 0. ಒಮಾನಿನ OMR, ಕುವೈತಿನ KWD, ಬಹರೇನಿನ BHD ಗೆ 3. ಕೊಲ್ಲಿ ದೇಶ ಅಂದ ಕೂಡಲೇ ಮೂರು ಎಂದುಕೊಳ್ಳಬೇಡಿ, ದುಬೈ ಕಡೆಯ AED ಗೆ ಎರಡೇ.

ಯೆನ್‌ಗೂ ಒಂದು ಕಾಲದಲ್ಲಿ ಚಿಲ್ಲರೆ ಇತ್ತು. ನೂರು ಸೆನ್‌ಗೆ ಒಂದು ಯೆನ್. ಎರಡನೇ ಮಹಾಯುದ್ಧದ ಹೊತ್ತಿಗೆ ಮತ್ತು ಆಮೇಲೆ ಬೆಲೆಗಳು ಎಷ್ಟು ಏರಿದವೆಂದರೆ ಸೆನ್‌ಗೆ ಏನೂ ಸಿಗದಂತಾಯಿತು. 1953ರ ಕೊನೆಗೆ ಸೆನ್ ನಾಣ್ಯಗಳ ಚಲಾವಣೆ ನಿಂತಿತು. ಈಗ ಅಲ್ಲಿ ಯೆನ್‌ಗಿಂತ ಸಣ್ಣ ಮೊತ್ತ ಕೊಡಲು ದಾರಿಯೇ ಇಲ್ಲ. ಒಮಾನಿನಲ್ಲಿ ಇದರ ಉಲ್ಟಾ. ಒಂದು ರಿಯಾಲ್ ಅಂದರೆ ಸಾವಿರ ಬೈಸಾ, ಹಾಗಾಗಿ ಮೂರು ಸ್ಥಾನ ಬೇಕೇ ಬೇಕು.

ಹಾಗಂತ ನಾಣ್ಯ ಹೋದ ಕೂಡಲೇ ಪಾಯಿಂಟ್ ಹೋಗುತ್ತದೆ ಅಂತಲ್ಲ. ನಮ್ಮಲ್ಲಿ 2011ರಲ್ಲೇ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು ನಿಂತವು. ಆದರೂ ಬ್ಯಾಂಕ್ ಖಾತೆಯಲ್ಲಿ ಪೈಸೆ ಲೆಕ್ಕ ಇದೆ, INR ಪಕ್ಕದಲ್ಲಿ 2 ಇದೆ.

ಇನ್ನು ಬಿಲ್‌ಗೆ ಬರೋಣ. ಜಪಾನಿಗೆ ಮೂರು ಸಾಮಾನು ಹೋಗುತ್ತಿದೆ ಅಂದುಕೊಳ್ಳಿ (ದರ ಸುಮ್ನೆ ಲೆಕ್ಕಕ್ಕೆ):

```
ಕಾಳುಮೆಣಸು  12.35 ಕೆಜಿ × 1,845 = 22,785.75
ಯಾಲಕ್ಕಿ      2.40 ಕೆಜಿ × 5,234 = 12,561.60
ಜಾಯಿಕಾಯಿ    3.15 ಕೆಜಿ × 2,410 =  7,591.50
```

ಎಲ್ಲ ಕೂಡಿ ಕೊನೆಗೆ ಒಂದೇ ಸಲ ರೌಂಡ್ ಮಾಡಿದರೆ 42,939 ಯೆನ್. ಪ್ರತಿ ಸಾಲನ್ನೂ ರೌಂಡ್ ಮಾಡಿ ಆಮೇಲೆ ಕೂಡಿದರೆ 22,786, 12,562, 7,592 ಸೇರಿ 42,940. ಒಂದು ಯೆನ್ ವ್ಯತ್ಯಾಸ. ದುಡ್ಡಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಆರ್ಡರ್‌ನಲ್ಲಿ ಒಂದು, ಬಿಲ್‌ನಲ್ಲಿ ಇನ್ನೊಂದು ಇದ್ದರೆ ಆ ಕಡೆಯವರ ಲೆಕ್ಕ ತಾಳೆಯಾಗದೆ ಹಣ ತಡವಾಗಬಹುದು. ನಾನು ಸಾಲಿಗೆ ಸಾಲು ರೌಂಡ್ ಮಾಡುವುದೇ ಒಳ್ಳೆಯದು ಎನ್ನುತ್ತೇನೆ. ಕಾಗದದ ಮೇಲೆ ಕಾಣುವ ಅಂಕಿಗಳನ್ನು ಯಾರು ಕೂಡಿದರೂ ಅದೇ ಮೊತ್ತ ಬರುತ್ತದೆ, ಅಲ್ವಾ? ಒಂದು ಕೆಜಿ ದರದಲ್ಲಿ ಮಾತ್ರ ಪಾಯಿಂಟ್ ಇದ್ದರೆ ತೊಂದರೆಯಿಲ್ಲ. ಪಾಯಿಂಟ್ ಇರಬಾರದ್ದು ಕೊಡಬೇಕಾದ ಮೊತ್ತದಲ್ಲಿ.

ಮಸ್ಕತ್‌ನ ಬಿಲ್‌ನಲ್ಲಿ ತಪ್ಪುವುದು ಬೇರೆ ರೀತಿ. ಕೆಜಿಗೆ 3.146 ರಿಯಾಲ್, 40 ಕೆಜಿ ಎಂದರೆ 125.840 ಆಗಬೇಕು. ಸಾಫ್ಟ್‌ವೇರ್‌ನಲ್ಲಿ ಎರಡೇ ಸ್ಥಾನ ಇದ್ದರೆ ದರ 3.15 ಆಗಿ ಮೊತ್ತ 126.00 ಬರುತ್ತದೆ, 160 ಬೈಸಾ ಜಾಸ್ತಿ. ಕೊನೆಯ ಸೊನ್ನೆಯನ್ನೂ ಬಿಡಬೇಡಿ. ಇನ್ನೊಂದು ವಿಷಯ, 125.840 ಎಂದಷ್ಟೇ ಬರೆದರೆ ಪಾಯಿಂಟನ್ನು ಅಲ್ಪವಿರಾಮ ಎಂದುಕೊಂಡು ಒಂದು ಲಕ್ಷ ಚಿಲ್ಲರೆ ಎಂದು ಓದುವವರಿದ್ದಾರೆ. ಮೊತ್ತದ ಹಿಂದೆ OMR ಎಂದು ಇರಲಿ.

ನಿಜವಾಗಿ ಪೆಟ್ಟು ಬೀಳುವುದು ಆನ್‌ಲೈನ್ ಪೇಮೆಂಟ್ ಲಿಂಕ್‌ನಲ್ಲಿ. ಹಲವು ಗೇಟ್‌ವೇಗಳು ಮೊತ್ತವನ್ನು ಅತಿ ಸಣ್ಣ ಚಿಲ್ಲರೆಯಲ್ಲಿ ಕೇಳುತ್ತವೆ. 500 ರೂಪಾಯಿಗೆ 50000 ಪೈಸೆ ಎಂದು ಕಳಿಸಬೇಕು. ಅದೇ ಅಭ್ಯಾಸದಲ್ಲಿ ಎಲ್ಲದಕ್ಕೂ ನೂರರಿಂದ ಗುಣಿಸಿದರೆ 42,940 ಯೆನ್ ಬಿಲ್ 42,94,000 ಯೆನ್ ಆಗುತ್ತದೆ. ಅಷ್ಟು ದೊಡ್ಡ ಮೊತ್ತ ನೋಡಿ ಗ್ರಾಹಕರೇ ಫೋನ್ ಮಾಡುತ್ತಾರೆ. ರಿಯಾಲ್‌ನಲ್ಲಿ ಹಾಗಲ್ಲ. ಅಲ್ಲಿ 125840 ಹೋಗಬೇಕಾದಲ್ಲಿ 12584 ಹೋಗಿ, 12.584 ರಿಯಾಲ್ ಮಾತ್ರ ಬರುತ್ತದೆ. ಕಡಿಮೆ ಬಂದದ್ದನ್ನು ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಟ್ಯಾಲಿ ಬಳಸುತ್ತಿದ್ದರೆ ಕರೆನ್ಸಿ ಸೇರಿಸುವ ಕಡೆ `Number of decimal places` ಎಂಬ ಜಾಗ ಇದೆ. ಅಲ್ಲಿ JPY ಗೆ 0, OMR ಗೆ 3 ಹಾಕಿ. ಗೇಟ್‌ವೇಯವರು ಕೆಲವು ಕೋಡ್‌ಗಳಿಗೆ ತಮ್ಮದೇ ನಿಯಮ ಇಟ್ಟುಕೊಂಡಿರುತ್ತಾರೆ, ಅವರ ಪಟ್ಟಿಯನ್ನೂ ಒಮ್ಮೆ ನೋಡಿ. ಲಿಂಕ್ ಗ್ರಾಹಕರಿಗೆ ಕಳಿಸುವ ಮುಂಚೆ ನೀವೇ ತೆರೆದು ಅಲ್ಲಿ ಕಾಣುವ ಮೊತ್ತವನ್ನು ಬಿಲ್ ಜೊತೆ ಹೋಲಿಸಿ ನೋಡಿದರೆ ಸಾಕು.