ಆನ್‌ಲೈನ್ ಎಂಬಿಎ: ‘ಯುಜಿಸಿ ಅಪ್ರೂವ್ಡ್’ ಅಂದರೆ ಯಾವುದಕ್ಕೆ ಅಪ್ರೂವಲ್?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ಆನ್‌ಲೈನ್ ಎಂಬಿಎ ಮಾಡಿ ಎಂದು ಒಂದು ಆ್ಯಪ್ ಕಂಪನಿಯವರು ದಿನಾ ಫೋನ್ ಮಾಡುತ್ತಾರೆ. ‘ಯುಜಿಸಿ ಅಪ್ರೂವ್ಡ್’ ಅಂತೆ, ಜೊತೆಗೆ ವಿದೇಶಿ ವಿಶ್ವವಿದ್ಯಾಲಯದ ಸರ್ಟಿಫಿಕೇಟೂ ಸಿಗುತ್ತದಂತೆ. ಶನಿವಾರದೊಳಗೆ ಪೂರ್ತಿ ಫೀ ಕಟ್ಟಿದರೆ 30 ಸಾವಿರ ರಿಯಾಯಿತಿ. ಮುಂದೆ ಸರ್ಕಾರಿ ಪರೀಕ್ಷೆ ಬರೆಯುವ ಆಸೆಯೂ ಇದೆ. ಕಟ್ಟುವ ಮೊದಲು ಏನು ನೋಡಬೇಕು?

ಉತ್ತರ: ನಿಮಗೆ ಫೋನ್ ಮಾಡುವ ಕಂಪನಿ ಡಿಗ್ರಿ ಕೊಡುವುದಿಲ್ಲ; ಕೊಡಲು ಅದಕ್ಕೆ ಅಧಿಕಾರವೂ ಇಲ್ಲ. 1956ರ ಯುಜಿಸಿ ಕಾಯ್ದೆಯ ಪ್ರಕಾರ ಆ ಅಧಿಕಾರ ಇರುವುದು ಕೇಂದ್ರ ಅಥವಾ ರಾಜ್ಯ ಕಾಯ್ದೆಯಡಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಮತ್ತು ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಹಾಗಾಗಿ ಮೊದಲು ಕೇಳಬೇಕಾದದ್ದು, ‘ಅಂಕಪಟ್ಟಿಯ ಮೇಲೆ ಯಾರ ಹೆಸರು ಇರುತ್ತದೆ?’ ಎಂದು. ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ‘ಐಎಸ್‌ಒ ಪ್ರಮಾಣಿತ’, ‘ಸರ್ಕಾರದಲ್ಲಿ ನೋಂದಾಯಿತ’ ಎಂಬ ಮಾತು ಬಂದರೆ ಅದಕ್ಕೂ ಡಿಗ್ರಿಗೂ ಸಂಬಂಧವಿಲ್ಲ. ಯಾವುದೇ ಟ್ರಸ್ಟ್ ಅಥವಾ ಕಂಪನಿ ನೋಂದಣಿ ಮಾಡಿಸಿಕೊಳ್ಳಬಹುದು.

ಹೆಸರು ಸಿಕ್ಕಿದ ಮೇಲೆ ಯುಜಿಸಿಯ ದೂರ ಶಿಕ್ಷಣ ಬ್ಯೂರೋದ ತಾಣ deb.ugc.ac.in ನೋಡಿ. ಕಂಪನಿಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ. ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಕಂಡ ಕೂಡಲೇ ಪುಟ ಮುಚ್ಚಿಬಿಡುತ್ತಾರೆ. ಆದರೆ ಮಾನ್ಯತೆ ಇರುವುದು ಕೋರ್ಸಿಗೆ, ಅದು ನಡೆಯುವ ವಿಧಾನಕ್ಕೆ ಮತ್ತು ನೀವು ಸೇರುವ ಪ್ರವೇಶಾವಧಿಗೆ. ಅದೇ ವಿಶ್ವವಿದ್ಯಾಲಯ ಬಿಕಾಂ ಅನ್ನು ಆನ್‌ಲೈನ್‌ನಲ್ಲಿ ನಡೆಸಲು ಅನುಮತಿ ಪಡೆದು, ಎಂಬಿಎಗೆ ದೂರ ಶಿಕ್ಷಣದ ಅನುಮತಿಯನ್ನಷ್ಟೇ ಪಡೆದಿರಬಹುದು. ಪಟ್ಟಿಯಲ್ಲಿ ನಿಮ್ಮ ಕೋರ್ಸಿನ ಸಾಲಿನಲ್ಲಿ ಮೂರು ಸಂಗತಿ ಒಟ್ಟಿಗೆ ಕಾಣಬೇಕು: ಮಾಸ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಎಂಬ ಹೆಸರು, ‘ಆನ್‌ಲೈನ್’ ಎಂಬ ವಿಧಾನ, ನೀವು ಸೇರುವ ಜುಲೈ ಅಥವಾ ಜನವರಿ ಅವಧಿ. ಹಿಂದಿನ ವರ್ಷದ ಪಟ್ಟಿಯ ಸ್ಕ್ರೀನ್‌ಶಾಟ್ ತೋರಿಸಿದರೆ ಲೆಕ್ಕಕ್ಕಿಲ್ಲ.

ಅವಧಿಯ ವಿಷಯ ಸಣ್ಣದಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ರಾಜ್ಯ ಕಾಯ್ದೆಯಡಿ 1996ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ. ಆದರೂ 2012–13ರ ನಂತರ ಅದರ ಕೋರ್ಸುಗಳಿಗೆ ಯುಜಿಸಿ ಮಾನ್ಯತೆ ಇರಲಿಲ್ಲ, ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಅವರಿಗೇ ಗೊತ್ತು. ಸಂಸ್ಥೆ ಅಸಲಿಯೇ, ಅವರು ಸೇರಿದ ಅವಧಿಗೆ ಮಾತ್ರ ಮಾನ್ಯತೆ ಇರಲಿಲ್ಲ. ಈಗ ಮಾನ್ಯತೆ ಇದೆ. ಅಲ್ಲಿ ಸೇರುವವರೂ ತಮ್ಮ ಕೋರ್ಸಿನ ಸಾಲನ್ನು ಇದೇ ರೀತಿ ನೋಡಿಕೊಳ್ಳಬೇಕು.

ಇನ್ನೊಂದು ಗುರುತು ದೂರ ಶಿಕ್ಷಣ ಬ್ಯೂರೋದ ಡಿಇಬಿ ಐಡಿ. 2024ರಿಂದ ಭಾರತೀಯ ವಿದ್ಯಾರ್ಥಿ ಆನ್‌ಲೈನ್ ಅಥವಾ ದೂರ ಶಿಕ್ಷಣದ ಡಿಗ್ರಿಗೆ ಸೇರಲು ಇದು ಕಡ್ಡಾಯ. ಮೊದಲು ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳ ಲೆಕ್ಕ ಇಡುವ ಸರ್ಕಾರಿ ವ್ಯವಸ್ಥೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 12 ಅಂಕಿಯ ಐಡಿ ಮಾಡಿಸಿ, ಅದರ ಆಧಾರದ ಮೇಲೆ ಬ್ಯೂರೋದ ತಾಣದಲ್ಲಿ ಡಿಇಬಿ ಐಡಿಯನ್ನು ನೀವೇ ಪಡೆಯಬೇಕು. ‘ಅದೆಲ್ಲ ಬೇಡ, ಆಮೇಲೆ ನೋಡೋಣ’ ಎಂದರೆ ಅಲ್ಲಿಗೇ ನಿಲ್ಲಿಸಿ. ಹಾಗೆಂದು ಐಡಿ ಸಿಕ್ಕಿತೆಂಬುದೇ ಕೋರ್ಸಿನ ಮಾನ್ಯತೆಗೆ ಸಾಕ್ಷಿಯಲ್ಲ, ಅದು ವಿದ್ಯಾರ್ಥಿಯ ಗುರುತಿನ ಸಂಖ್ಯೆ ಅಷ್ಟೇ.

ವಿದೇಶಿ ಸರ್ಟಿಫಿಕೇಟನ್ನು ಡಿಗ್ರಿಯ ಲೆಕ್ಕದಿಂದ ಹೊರಗಿಡಿ. ಅದು ಡಿಗ್ರಿಯಲ್ಲ, ಪದವಿ ಅರ್ಹತೆ ಕೇಳುವ ಸರ್ಕಾರಿ ಹುದ್ದೆಗೆ ಅದನ್ನು ತೋರಿಸಲಾಗದು. ಕೌಶಲಕ್ಕೆ ಬೇಕೆನಿಸಿದರೆ ಪ್ರತ್ಯೇಕವಾಗಿ ಬೆಲೆ ಕೇಳಿ. ಆದರೆ ಕಂಪನಿಯವರು ‘ವಿದೇಶಿ ಡಿಗ್ರಿ’ಯನ್ನೇ ಕೊಡುತ್ತೇವೆ ಎಂದರೆ ಎಚ್ಚರ: ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಒಪ್ಪಂದ ಮಾಡಿಕೊಂಡು ಎಜುಟೆಕ್ ಕಂಪನಿಗಳು ನಡೆಸುವ ಇಂಥ ಡಿಗ್ರಿಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2023ರ ಡಿಸೆಂಬರ್‌ನಲ್ಲಿ ಹೇಳಿದೆ.

ಇಷ್ಟೂ ಸರಿಯಿದ್ದರೂ ಹಣ ಯಾರ ಖಾತೆಗೆ ಹೋಗುತ್ತದೆ ನೋಡಿ. ಫೀ ಕಟ್ಟುವ ಪುಟ ವಿಶ್ವವಿದ್ಯಾಲಯದ್ದೇ ಆಗಿದ್ದು, ರಸೀದಿಯೂ ಅದರ ಹೆಸರಿನಲ್ಲಿ ಬರಬೇಕು. ವಿಳಾಸದ ಕೊನೆಯಲ್ಲಿ .ac.in ಅಥವಾ .edu.in ಇದ್ದರೆ ಒಳ್ಳೆಯದು, ಅವು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಗುವಂಥವು. ‘ಬಡ್ಡಿಯಿಲ್ಲದ ಇಎಂಐ’ ಎಂದರೆ ಬಹುತೇಕ ನಿಮ್ಮ ಹೆಸರಿನ ಸಾಲ. ಕೋರ್ಸ್ ಬಿಟ್ಟರೂ ಕಂತು ನಿಲ್ಲುವುದಿಲ್ಲ, ನಿಲ್ಲಿಸಿದರೆ ಕ್ರೆಡಿಟ್ ಸ್ಕೋರ್ ಕುಸಿಯುತ್ತದೆ. ಮೊದಲ ಸೆಮಿಸ್ಟರಿನ ಫೀ ಮಾತ್ರ ಕಟ್ಟಲು ಆಗುತ್ತದೆಯೇ ಎಂದು ವಿಶ್ವವಿದ್ಯಾಲಯದ ಆನ್‌ಲೈನ್ ಶಿಕ್ಷಣ ವಿಭಾಗಕ್ಕೇ ಇಮೇಲ್ ಬರೆಯಿರಿ. ಉತ್ತರ ಬರುವಷ್ಟರಲ್ಲಿ ಶನಿವಾರ ಕಳೆದರೂ ಚಿಂತೆಯಿಲ್ಲ, ಇಂಥ ರಿಯಾಯಿತಿ ಸೋಮವಾರ ಇನ್ನೊಂದು ಹೆಸರಿನಲ್ಲಿ ಬರುವುದೇ ಹೆಚ್ಚು.