ಕೊಳೆರೋಗದ ವಿಜ್ಞಾನಿಗೆ ಮೊದಲ ಪತ್ರ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಬೆಂಗಳೂರಿನಲ್ಲಿ ಉದ್ಯೋಗ. ಊರಿನಲ್ಲಿ ಎರಡು ಎಕರೆ ಅಡಿಕೆ ತೋಟವಿದೆ. ಅಡಿಕೆಯ ರೋಗಗಳ ಬಗ್ಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ಆರಂಭಿಸಿ, ಆ ಮೂಲಕ ವಿಜ್ಞಾನಿಗಳ ಪರಿಚಯ ಬೆಳೆಸಿಕೊಳ್ಳಬೇಕೆಂದಿದ್ದೇನೆ. ಇನ್ನೂ ಕೇಳುಗರೇ ಇಲ್ಲದ ನನಗೆ ಅವರು ಏಕೆ ಸಮಯ ಕೊಟ್ಟಾರು? ಪರಿಚಯಕ್ಕಾಗಿ ಸಂದರ್ಶನ ಕೇಳುವುದು ಕಪಟವಾಗುವುದಿಲ್ಲವೇ?

ಉತ್ತರ: ಕಪಟವಾಗುವುದು ಒಂದೇ ಸಂದರ್ಭದಲ್ಲಿ: ಸಂದರ್ಶನ ಮಾಡಿ, ಅದನ್ನು ಪ್ರಕಟಿಸದೆ ಬಿಟ್ಟಾಗ. ಧ್ವನಿಮುದ್ರಣ ಮುಗಿದ ಮೇಲೆ ತಿಂಗಳುಗಟ್ಟಲೆ ಸದ್ದಿಲ್ಲದೆ ಕುಳಿತವರನ್ನು ವಿಜ್ಞಾನಿಗಳು ಮರೆಯುವುದಿಲ್ಲ, ಸಹೋದ್ಯೋಗಿಗಳಿಗೂ ಹೇಳುತ್ತಾರೆ. ಸಂಚಿಕೆ ನಿಜವಾಗಿ ಹೊರಬರುವುದಾದರೆ, ನಿಮಗೆ ಪರಿಚಯದ ಆಸೆಯೂ ಇದೆ ಎಂಬುದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಸ್ವಂತ ತೋಟವಿದೆ ಎಂಬುದನ್ನು ಮಾತ್ರ ಮೊದಲೇ ತಿಳಿಸಿಬಿಡಿ.

ಕೇಳುಗರ ಸಂಖ್ಯೆಯ ಬಗ್ಗೆ ನಿಮಗಿರುವ ಅಳುಕು ಹೆಚ್ಚಾಯಿತು. ‘ನಿಮ್ಮ ಮಾರ್ಗದರ್ಶನ ಬೇಕು’ ಎಂದು ಬರೆದರೆ ಆ ಕೋರಿಕೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಒಪ್ಪಿದವರು ಎಷ್ಟು ದಿನಕ್ಕೆ ಸಿಕ್ಕಿಕೊಂಡೆವೋ ಎಂದು ಹೆದರುತ್ತಾರೆ. ಅರ್ಧ ಗಂಟೆಯ ಸಂದರ್ಶನಕ್ಕೆ ಗಡಿಯಿದೆ. ಅದೂ ಅಲ್ಲದೆ, ಇಂಗ್ಲಿಷ್ ನಿಯತಕಾಲಿಕದಲ್ಲಿ ಹತ್ತಾರು ಜನ ಓದಿದ ತಮ್ಮ ಕೆಲಸವನ್ನು ಮಲೆನಾಡಿನ ಐವತ್ತು ಬೆಳೆಗಾರರು ಕನ್ನಡದಲ್ಲಿ ಕೇಳುತ್ತಾರೆ ಎಂಬುದು ಅನೇಕ ವಿಜ್ಞಾನಿಗಳಿಗೆ ಸಣ್ಣ ವಿಷಯವೇನಲ್ಲ.

ಯಾರನ್ನು ಕೇಳಬೇಕೆಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ವಿಟ್ಲದಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ. ಅಲ್ಲಿನ ಮುಖ್ಯಸ್ಥರಿಗೆ ನೇರವಾಗಿ ಬರೆಯುವ ಬದಲು, ನೀವು ಓದಿದ ಪ್ರಬಂಧವನ್ನೋ ರೈತರ ಕೈಪಿಡಿಯನ್ನೋ ಬರೆದವರಿಗೆ ಬರೆಯಿರಿ. ಪ್ರಬಂಧದ ಮೊದಲ ಪುಟದಲ್ಲಿ ಪತ್ರ ವ್ಯವಹಾರಕ್ಕೆಂದು ಒಬ್ಬ ಲೇಖಕರ ಇಮೇಲ್ ವಿಳಾಸ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸರ್ಕಾರಿ ಸಂಸ್ಥೆಯವರು ಮೇಲಿನವರ ಅನುಮತಿ ಕೇಳಬೇಕಾಗಬಹುದಾದ್ದರಿಂದ ಎರಡು ವಾರವಾದರೂ ಬಿಡುವು ಕೊಡಿ. ಕಾಲವನ್ನೂ ನೋಡಿಕೊಳ್ಳಿ: ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗದ ತಜ್ಞರು ಜೂನ್, ಜುಲೈನಲ್ಲಿ ತೋಟಗಳಲ್ಲಿ ತಿರುಗುತ್ತಿರುತ್ತಾರೆ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಕೇಳಿದರೆ, ಮುಂಗಾರಿನ ಮುಂಚಿನ ಮೊದಲ ಸಿಂಪಡಣೆಯ ಹೊತ್ತಿಗೆ ಸಂಚಿಕೆ ಬೆಳೆಗಾರರ ಕೈಗೆ ಸಿಗುತ್ತದೆ, ಮತ್ತು ಅದು ವಿಜ್ಞಾನಿಯೂ ಬಯಸುವ ಕಾಲ.

ಪತ್ರ ಹತ್ತು ಸಾಲು ಮೀರಬಾರದು. ನಾನಾದರೆ ಹೀಗೆ ಬರೆಯುತ್ತೇನೆ:

“ಮಾನ್ಯರೇ, ನಾನು ತೀರ್ಥಹಳ್ಳಿಯ ಅಡಿಕೆ ಬೆಳೆಗಾರರ ಕುಟುಂಬದವನು, ಸ್ವಂತ ತೋಟವಿದೆ. ಬೆಳೆಗಾರರಿಗಾಗಿ ಕನ್ನಡದಲ್ಲಿ ಪಾಡ್‌ಕಾಸ್ಟ್ ಆರಂಭಿಸುತ್ತಿದ್ದೇನೆ. ಇದು ಮೊದಲ ಸಂಚಿಕೆ. ಕೊಳೆರೋಗದ ಕುರಿತ ತಮ್ಮ ಕೈಪಿಡಿಯಲ್ಲಿ ಎರಡನೆಯ ಸಿಂಪಡಣೆಗೆ ಸುಮಾರು 45 ದಿನಗಳ ಅಂತರ ಸೂಚಿಸಿದ್ದೀರಿ. ಆ ವೇಳೆಗೆ ಮಳೆ ಹೊಳವಾಗದಿದ್ದರೆ ಏನು ಮಾಡಬೇಕೆಂಬುದು ನಮ್ಮೂರಿನವರ ಪ್ರಶ್ನೆ. ಇದೊಂದೇ ವಿಷಯದ ಮೇಲೆ ಫೋನಿನಲ್ಲಿ 30 ನಿಮಿಷ ಮಾತನಾಡಬಹುದೇ? ಪ್ರಶ್ನೆಗಳನ್ನು ಮೊದಲೇ ಕಳುಹಿಸುತ್ತೇನೆ. ಅಂಕಿಗಳನ್ನು ಪ್ರಕಟಣೆಗೆ ಮುನ್ನ ತಮಗೆ ತೋರಿಸುತ್ತೇನೆ.”

ಈ ಪತ್ರದ ಜೀವ ಇರುವುದು ಮಳೆಯ ಪ್ರಶ್ನೆಯಲ್ಲಿ. ಕೈಪಿಡಿ ಓದಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ, ಮತ್ತು ಕೈಪಿಡಿಯಲ್ಲಿ ಅದಕ್ಕೆ ಉತ್ತರವಿಲ್ಲ. ‘ತಮ್ಮ ಅಮೂಲ್ಯ ಸಂಶೋಧನೆ’ ಎಂಬಂಥ ಹೊಗಳಿಕೆ ಯಾರಿಗೆ ಬೇಕಾದರೂ ಕಳುಹಿಸಬಹುದಾದ್ದು. ಅದು ಅವರಿಗೂ ಗೊತ್ತು. ಎರಡು ವಾರ ಕಾದು ಒಮ್ಮೆ ನೆನಪಿಸಿ, ಬಳಿಕ ಸುಮ್ಮನಾಗಿ. ನನ್ನ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇಂದಿಗೂ ಉತ್ತರ ಬರುವುದಿಲ್ಲ.

ಮಾತುಕತೆಗೆ ಐದಾರು ಪ್ರಶ್ನೆ ಸಾಕು, ಆದರೆ ಆರಂಭದ ಪ್ರಶ್ನೆಯನ್ನು ಆಯ್ದುಕೊಳ್ಳುವುದರಲ್ಲಿ ಜಾಗ್ರತೆ ಬೇಕು. ‘ಕೊಳೆರೋಗ ಎಂದರೇನು’ ಎಂದು ಕೇಳಿದರೆ ಅವರು ನೂರು ಬಾರಿ ಹೇಳಿದ ಪಾಠವನ್ನೇ ನೂರ ಒಂದನೆಯ ಬಾರಿ ಒಪ್ಪಿಸುತ್ತಾರೆ. ಅದರ ಬದಲು ಹೀಗೆ ಕೇಳಿನೋಡಿ: ‘ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ಬರೆದು ಬೋರ್ಡೋ ದ್ರಾವಣವನ್ನು ಸೂಚಿಸಿದ್ದರು. ನೂರು ವರ್ಷ ದಾಟಿದರೂ ಅದೇ ಔಷಧಿ ಹೊಡೆದ ತೋಟದಲ್ಲಿ ಕಾಯಿ ಉದುರುವುದೇಕೆ?’ ಈಗ ಅವರು ಯೋಚಿಸಲೇಬೇಕು. ಮಳೆಯ ನಡುವೆ ಹೊಡೆದದ್ದೋ, ಗೊನೆಗೆ ಸರಿಯಾಗಿ ತಾಗದ್ದೋ, ದ್ರಾವಣ ತಯಾರಿಸಿದ ಕ್ರಮವೇ ತಪ್ಪಿದ್ದೋ ಎಂದು ಒಂದೊಂದಾಗಿ ಬಿಡಿಸುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದನ್ನು ನೀವು ಮೊದಲೇ ತಿಳಿದುಕೊಂಡಿದ್ದರೆ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಏಕೆ ಸುರಿಯಬೇಕು, ಅದ್ದಿದ ಕಬ್ಬಿಣದ ಚಾಕುವಿನ ಮೇಲೆ ಕೆಂಪು ಲೇಪ ಕಂಡರೆ ಏನರ್ಥ ಎಂಬಲ್ಲಿಗೆ ಮಾತು ಹೋಗುತ್ತದೆ. ಸಂಬಂಧ ಕುದುರುವುದು ಇಂಥ ಕಡೆ. ತನ್ನ ಮಾತನ್ನು ಹಿಡಿದು ಮುಂದಿನ ಪ್ರಶ್ನೆ ಹಾಕುವವರು ತಜ್ಞರಿಗೆ ಅಪರೂಪವಾಗಿ ಸಿಗುತ್ತಾರೆ.

ಕೊನೆಯಲ್ಲಿ ಮರೆಯದೆ ಕೇಳಬೇಕಾದ್ದೊಂದಿದೆ: ‘ಈ ವಿಷಯದಲ್ಲಿ ನಾನು ಇನ್ನಾರನ್ನು ಮಾತನಾಡಿಸಬೇಕು? ಯಾರ ತೋಟ ನೋಡಬೇಕು?’ ಅವರು ಹೇಳುವ ಎರಡು ಹೆಸರುಗಳಿಗೆ ನೀವು ಬರೆಯುವ ಮುಂದಿನ ಪತ್ರ ಅಪರಿಚಿತನದಾಗಿರುವುದಿಲ್ಲ. ಆದರೆ ಅವರ ಹೆಸರನ್ನು ಬಳಸಲು ಅನುಮತಿ ಪಡೆಯಿರಿ. ನಿಮ್ಮ ಎರಡು ಎಕರೆಯ ಸಮಸ್ಯೆಯನ್ನು ಮಾತ್ರ ಆ ದಿನ ಎತ್ತಬೇಡಿ. ಎತ್ತಿದಿರೋ, ಸಂದರ್ಶನ ಪುಕ್ಕಟೆ ಸಲಹೆಯ ನೆಪವಾಗಿ ಕಾಣುತ್ತದೆ.

ಪ್ರಕಟಣೆಗೆ ಮುನ್ನ ಅಂಕಿ, ಔಷಧಿಯ ಹೆಸರು, ಪ್ರಮಾಣ ಇಷ್ಟನ್ನು ಬರೆದು ಕಳುಹಿಸಿ ಸರಿ ನೋಡಿಸಿ. ಇಡೀ ಸಂಚಿಕೆಯನ್ನು ಒಪ್ಪಿಗೆಗೆ ಕೊಡುವುದು ಬೇರೆಯೇ ಮಾತು. ಅದಕ್ಕೆ ಒಪ್ಪಿದರೆ ಬೆಳೆಗಾರರ ಆಕ್ಷೇಪಗಳೆಲ್ಲ ಕತ್ತರಿಗೆ ಸಿಗುತ್ತವೆ. ಈ ಕ್ರಮವನ್ನು ನಾನು ಕಲಿತದ್ದು ತಪ್ಪು ಮಾಡಿ. ಸಿಂಪಡಣೆಯ ಅಂತರದ ಬಗ್ಗೆ ವಿಜ್ಞಾನಿಯೊಬ್ಬರು ಫೋನಿನಲ್ಲಿ ‘ನಲವತ್ತೈದು’ ಎಂದದ್ದನ್ನು ‘ಹದಿನೈದು’ ಎಂದು ಕೇಳಿಸಿಕೊಂಡು ಹಾಗೆಯೇ ಅಚ್ಚು ಮಾಡಿಸಿದ್ದೆ. ಮರುದಿನವೇ ಫೋನ್ ಬಂತು. ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಮೂಲ ಲೇಖನದಷ್ಟೇ ಎದ್ದು ಕಾಣುವಂತೆ ಹಾಕಿಸಿ ಅವರಿಗೆ ಪ್ರತಿ ಕಳುಹಿಸಿದೆ. ಅವರು ಮತ್ತೆ ನನ್ನೊಡನೆ ಮಾತನಾಡಲು ಎರಡು ವರ್ಷ ಬೇಕಾಯಿತು.

ಸಂಚಿಕೆ ಹೊರಬಂದ ದಿನ ಕೊಂಡಿ ಕಳುಹಿಸಿ. ವಾರ ಕಳೆದ ಮೇಲೆ ಕೇಳುಗರಿಂದ ಬಂದ ಪ್ರಶ್ನೆಗಳಲ್ಲಿ ಗಟ್ಟಿಯಾದ ಎರಡನ್ನು ಮಾತ್ರ ಆರಿಸಿ, ತೋಟದ ಚಿತ್ರವಿದ್ದರೆ ಅದರೊಡನೆ, ‘ಬಿಡುವಾದಾಗ ನೋಡಿ’ ಎಂದು ಬರೆಯಿರಿ. ಎಲ್ಲ ಪ್ರಶ್ನೆಗಳನ್ನು ದಾಟಿಸಿದರೆ, ಅಥವಾ ಅವರ ಫೋನ್ ಸಂಖ್ಯೆಯನ್ನು ಕೇಳುಗರಿಗೆ ಕೊಟ್ಟರೆ, ಅಲ್ಲಿಗೆ ಮುಗಿಯಿತು. ಮಳೆಗಾಲ ಕಳೆದು, ಸಲಹೆ ಪಾಲಿಸಿದ ಒಂದೆರಡು ತೋಟಗಳಲ್ಲಿ ಏನಾಯಿತೆಂದು, ಫಲ ಸಿಗದಿದ್ದರೆ ಅದನ್ನೂ ಸೇರಿಸಿ, ಏನನ್ನೂ ಕೇಳದೆ ತಿಳಿಸಿ. ಸಂಶೋಧಕರಿಗೆ ತೋಟದಿಂದ ಬರುವ ಇಂಥ ವರದಿ ಬೇಕಿರುತ್ತದೆ. ಕೆಲವರು ಸೌಜನ್ಯದ ಒಂದು ಸಾಲು ಬರೆದು ನಿಲ್ಲಿಸುತ್ತಾರೆ. ಅದನ್ನು ಅಲ್ಲಿಗೇ ಬಿಡಿ. ಒಬ್ಬರು ಮಾತ್ರ ‘ಆ ತೋಟದಲ್ಲಿ ಎಷ್ಟನೇ ತಾರೀಖಿಗೆ ಹೊಡೆದಿದ್ದರು?’ ಎಂದು ತಿರುಗಿ ಕೇಳುತ್ತಾರೆ. ನಿಮ್ಮ ತೋಟದ ಮಾತನ್ನು ಎತ್ತಬಹುದಾದ್ದು ಅವರೊಡನೆ.